ಅದೇ ದನಿ, ಇನ್ನೊಂದು ಆಟೋ

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ. ಪ್ರಸನ್ನಕುಮಾರನ ಮೇಲಿನ ಸಿಟ್ಟಿಗೆ ಈಗ ಎರಡು ವರ್ಷ. ಅದನ್ನು ಮರೆತುಬಿಡು ಎಂದು ಹೇಳಿದವರಿಗೆಲ್ಲ ನಾನು ಕಾಫಿ ಕೊಟ್ಟು ಕಳಿಸಿದ್ದೇನೆ, ಸಿಟ್ಟನ್ನು ಮಾತ್ರ ಕಳಿಸಲಿಲ್ಲ.

ನನ್ನ ಹೆಸರು ಲೋಹಿತಾ. ಮಧುಗಿರಿಯಲ್ಲಿ ಜೆರಾಕ್ಸ್ ಅಂಗಡಿಯ ಮೇಲೆ ನನ್ನದೊಂದು ಪುಟ್ಟ ರೂಮಿದೆ. ಹೊರಗಿನ ಸದ್ದು ಬರದಂತೆ ಗೋಡೆಗೆಲ್ಲ ಕೌದಿ ನೇತುಹಾಕಿ, ಮೈಕು ಇಟ್ಟುಕೊಂಡು, ಆಟೋಗಳಲ್ಲಿ ಕೂಗಿಸುವ ಪ್ರಚಾರ ಬರೆದು ನಾನೇ ಓದಿ ರೆಕಾರ್ಡ್ ಮಾಡಿಕೊಡುತ್ತೇನೆ. ಸೀರೆ ಅಂಗಡಿ, ಕಣ್ಣಿನ ತಪಾಸಣೆ, ಬೋರ್‌ವೆಲ್ ಪೈಪು, ಯಾವುದಾದರೂ ಸರಿ. ಪೆನ್‌ಡ್ರೈವ್‌ಗೆ ಹಾಕಿಕೊಟ್ಟರೆ ಆಟೋ ಇಡೀ ದಿನ ಅದನ್ನೇ ಹೇಳುತ್ತಾ ಸುತ್ತುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ಕಡೆ ನನ್ನ ಮುಖ ಯಾರಿಗೂ ಗೊತ್ತಿಲ್ಲ. ದನಿ ಗೊತ್ತಿಲ್ಲದವರಿಲ್ಲ.

ಆ ದನಿಯಲ್ಲೇ ಮೂರು ವರ್ಷದ ಹಿಂದೆ ಶಿರಾದ ಮೇರುಗಿರಿ ಅಕಾಡೆಮಿಗೆ ಓದಿಕೊಟ್ಟಿದ್ದೆ. "ಮೇರುಗಿರಿ ಸೇರಿದರೆ ಮೆಡಿಕಲ್ ಸೀಟು ಗ್ಯಾರಂಟಿ! ಇನ್ನು ಹನ್ನೆರಡೇ ಸೀಟು ಬಾಕಿ!" ಅಕಾಡೆಮಿಯ ಮಾಲೀಕ ಪ್ರಸನ್ನಕುಮಾರ್ ಬರೆದುಕೊಟ್ಟಿದ್ದ, ನಾನು ಓದಿದೆ. ಅನುಮಾನ ಬಂದಿತ್ತು, ಬರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಬಂದ ಅನುಮಾನವನ್ನು ನುಂಗಿಕೊಂಡು ಓದಿದೆ.

ದೊಡ್ಡೇರಿಯ ಹನುಮಕ್ಕ ನನ್ನ ತಾಯಿಗೆ ಹಾಲು ತಂದುಕೊಡುತ್ತಿದ್ದ ಕಾಲದಿಂದ ಪರಿಚಯ. ದನಿ ನನ್ನದೇ ಎಂದು ಗುರುತು ಹಿಡಿದು ಮಗಳು ಮಧುಶ್ರೀಯನ್ನು ಅಲ್ಲಿ ಸೇರಿಸಿದಳು. "ಲೋಹಿತಮ್ಮ ಹೇಳ್ತಾವ್ಳೆ ಅಂದ್ರೆ ಸರಿಯಾಗೇ ಇರ್ತದೆ" ಅಂದಳಂತೆ. ಒಂದು ವರ್ಷ ಓದಿದರೂ ಹುಡುಗಿಗೆ ಸೀಟು ಸಿಗಲಿಲ್ಲ. ಹನುಮಕ್ಕ ಪೋಷಕರ ಸಭೆಯಲ್ಲಿ ಎದ್ದುನಿಂತು "ಗ್ಯಾರಂಟಿ ಅಂದ್ರಲ್ಲಾ ಸಾರ್" ಎಂದು ಕೇಳಿದಾಗ ಪ್ರಸನ್ನಕುಮಾರ್ ನೂರಾರು ಜನರ ಮುಂದೆ ಹೇಳಿದ್ದು ಇಷ್ಟು: "ತಲೇಲಿ ಏನಾದ್ರೂ ಇದ್ದೋರಿಗೆ ಕೊಡ್ತೀವಮ್ಮ ಗ್ಯಾರಂಟಿ. ಆ ಮಾತನ್ನ ಬರೆದಿದ್ದು ಆ ಆಟೋ ಹೆಂಗಸು, ಅವಳನ್ನ ಹೋಗಿ ಕೇಳಿ."

ಮಧುಶ್ರೀ ಆ ಸಭೆಯಲ್ಲೇ ಕೂತಿದ್ದಳು. ಈಗ ಮಧುಗಿರಿಯ ಔಷಧಿ ಅಂಗಡಿಯೊಂದರಲ್ಲಿ ಮಾತ್ರೆ ಎಣಿಸಿ ಕೊಡುತ್ತಾಳೆ. ಮತ್ತೊಮ್ಮೆ ಪರೀಕ್ಷೆ ಬರೆಯುತ್ತೇನೆ ಎನ್ನಲಿಲ್ಲ. ಹನುಮಕ್ಕ ನನ್ನ ಮನೆ ಕಡೆ ತಿರುಗಿ ನೋಡಲಿಲ್ಲ. ನನ್ನ ಬದುಕು ನಡೆಯುವುದೇ ದನಿಯ ಮೇಲೆ, ಅದನ್ನೇ ಅವನು ಕೆಸರಿಗೆ ಹಾಕಿ ತುಳಿದ. ಅವನ ಬಾಯಿ ಎಲ್ಲರೆದುರು ಮುಚ್ಚಿಸಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ಈ ವರ್ಷ ಮೇ ತಿಂಗಳಲ್ಲಿ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ, ನಂದೀಶ್ವರಯ್ಯನವರು ಮೆಟ್ಟಿಲು ಹತ್ತಿ ಬಂದರು. ಭೌತಶಾಸ್ತ್ರದ ನಿವೃತ್ತ ಉಪನ್ಯಾಸಕರು, ಮಧುಗಿರಿಯಲ್ಲಿ 'ಓದುಮನೆ' ಎಂಬ ಕೋಚಿಂಗ್ ನಡೆಸುತ್ತಾರೆ. ಕೈಯಲ್ಲಿ ಒಂದಷ್ಟು ಹಾಳೆ. ಕೋಚಿಂಗ್ ಜಾಹೀರಾತಿಗೆ ಕೇಂದ್ರ ಸರ್ಕಾರ ಎರಡು ಸಾವಿರದ ಇಪ್ಪತ್ತನಾಲ್ಕರಲ್ಲಿ ತಂದ ನಿಯಮ. ಅಲ್ಲಲ್ಲಿ ಕೆಂಪು ಗೆರೆ ಎಳೆದಿದ್ದರು.

"ಗ್ಯಾರಂಟಿ ಅನ್ನೋ ಪದ ಬೇಡ. ಇಷ್ಟೇ ಸೀಟು ಉಳಿದಿದೆ ಅಂತ ಹೆದರಿಸೋದೂ ಬೇಡ. ಪಾಸಾದ ಮಕ್ಕಳ ಫೋಟೋ ಹಾಕಬೇಕಾದ್ರೆ ಫಲಿತಾಂಶ ಬಂದ ಮೇಲೆ ಅವರ ಕೈಲಿ ಬರೆಸ್ಕೊಂಡಿರಬೇಕು, ಯಾವ ಕೋರ್ಸು, ಎಷ್ಟು ತಿಂಗಳು ಓದಿದ್ರು ಅಂತ ಜೊತೇಲೇ ಹೇಳಬೇಕು. ಇಷ್ಟರಲ್ಲಿ ತಂದೆ ತಾಯಿ ನಂಬೋ ಹಾಗೆ ಬರೆದುಕೊಡು, ನೋಡೋಣ."

ನನಗೆ ಒಳಗೊಳಗೇ ಹಬ್ಬ. ರಾತ್ರಿಯೆಲ್ಲ ಕೂತಲ್ಲ, ಅರ್ಧ ಗಂಟೆಯಲ್ಲಿ ಬರೆದೆ. ಮೊದಲ ಸಾಲೇ ಹೀಗಿತ್ತು: "ಶಿರಾದ ಮೇರುಗಿರಿಯವರು ಹೇಳುವ ಸುಳ್ಳು ನಾವು ಹೇಳುವುದಿಲ್ಲ."

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ಆ ಸಾಲು ಹೊಡೆದುಹಾಕಿದರು.

"ಇದು ನನ್ನ ಜಾಹೀರಾತು ಕಣಮ್ಮ, ನಿನ್ನ ಜಗಳ ಅಲ್ಲ. ಬೇರೆಯವರ ಹೆಸರು ಎತ್ತಬಾರದು. ನಮ್ಮ ಲೆಕ್ಕ ಹೇಳು, ಸಾಕು."

ಅವರು ಕೊಟ್ಟ ಫಲಿತಾಂಶದ ಪಟ್ಟಿ ಹಿಡಿದು ಮತ್ತೆ ಬರೆದೆ. "ಹೋದ ವರ್ಷ ಓದುಮನೆಯಿಂದ ನೀಟ್ ಬರೆದವರು ಎಪ್ಪತ್ತೊಂದು ಮಕ್ಕಳು. ಸರ್ಕಾರಿ ಮೆಡಿಕಲ್ ಸೀಟು ಸಿಕ್ಕಿದ್ದು ನಾಲ್ವರಿಗೆ. ಆಯುರ್ವೇದ, ದಂತವೈದ್ಯಕ್ಕೆ ಹೋದವರು ಒಂಬತ್ತು. ಅರ್ಹತೆ ಪಡೆದರೂ ಸೀಟು ಸಿಗದವರು ಇಪ್ಪತ್ತಾರು. ಅರ್ಹತೆಯೇ ಸಿಗದವರು ಮೂವತ್ತೆರಡು. ಒಂದು ವಾರ ಮಗುವನ್ನು ಕಳಿಸಿ, ಪಾಠ ಕೇಳಲಿ, ಆಮೇಲೆ ತೀರ್ಮಾನ ಮಾಡಿ."

ಅದರ ಕೆಳಗೆ ನನ್ನ ಚೂರಿ ಇಟ್ಟೆ, ಹಿಡಿಕೆಗೆ ಯಾರ ಹೆಸರೂ ಇಲ್ಲದಂತೆ. "ನಮ್ಮಲ್ಲಿಗೆ ಬಂದರೂ, ಬೇರೆ ಎಲ್ಲಿಗೆ ಹೋದರೂ ನಾಲ್ಕು ಪ್ರಶ್ನೆ ಕೇಳಿ. ಒಟ್ಟು ಎಷ್ಟು ಮಕ್ಕಳು ಪರೀಕ್ಷೆ ಬರೆದರು? ಫೋಟೋದಲ್ಲಿರುವ ಮಕ್ಕಳು ನಿಮ್ಮಲ್ಲಿ ಎಷ್ಟು ತಿಂಗಳು ಓದಿದರು? ಪಾಠ ಮಾಡುವವರು ಯಾರು? ಮಧ್ಯದಲ್ಲಿ ಬಿಟ್ಟರೆ ಫೀಸು ಎಷ್ಟು ವಾಪಸ್ಸು, ಬರೆದು ಕೊಡುತ್ತೀರಾ?"

ಮೇರುಗಿರಿಯ ಫ್ಲೆಕ್ಸಿನ ಮೇಲೆ ನಗುತ್ತಿರುವ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಅಲ್ಲಿ ಹದಿನೈದು ದಿನದ ಮಾದರಿ ಪರೀಕ್ಷೆ ಬರೆದವರು, ಅಷ್ಟೇ. ನನಗದು ಗೊತ್ತಿತ್ತು. ಮೇಷ್ಟ್ರು ಎರಡು ಸಲ ಓದಿ, "ಇದು ನಮಗೂ ಅನ್ವಯ ಆಗತ್ತೆ, ಇರಲಿ" ಎಂದರು.

ಆದರೆ ಮೇಷ್ಟ್ರು ಮೇಷ್ಟ್ರೇ. ಪ್ರಯೋಗ ಮಾಡದೆ ಬಿಡುವವರಲ್ಲ. ಮಗುವನ್ನು ಸೇರಿಸಬೇಕೆಂದು ವಿಚಾರಿಸಿದ್ದ ಐದು ತಾಯಂದಿರನ್ನು ಕರೆಸಿ, ತರಗತಿಯಲ್ಲಿ ಕೂರಿಸಿ, ರೆಕಾರ್ಡ್ ಕೇಳಿಸಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಐವರಲ್ಲಿ ಒಬ್ಬಳು ಹನುಮಕ್ಕ. ಚಿಕ್ಕ ಮಗಳ ಎಸ್ಸೆಸ್ಸೆಲ್ಸಿ ಮುಗಿದಿತ್ತು.

ನಾಲ್ಕನೇ ಪ್ರಶ್ನೆ ಮುಗಿಯುತ್ತಿದ್ದಂತೆ ಅವಳು ಎದ್ದಳು.

"ಈ ದನಿನೇ ಅಲ್ವಾ ಸಾಮಿ, ನನ್ನ ದೊಡ್ಡ ಮಗಳನ್ನ ಹಾಳು ಮಾಡಿದ್ದು? ಅವತ್ತು ಗ್ಯಾರಂಟಿ ಅಂತಿತ್ತು, ಇವತ್ತು ಲೆಕ್ಕ ಒಪ್ಪಿಸ್ತೈತೆ. ಹೆಂಗೆ ನಂಬಾದು?" ಬಾಗಿಲಲ್ಲಿ ನನ್ನನ್ನು ದಾಟುವಾಗ ನಿಂತಳು. "ನಾಕು ಪ್ರಶ್ನೆ ಹೇಳ್ಕೊಟ್ಟೆ. ಐದ್ನೇದು ನಾನು ಕೇಳ್ತೀನಿ ಕಣಮ್ಮ. ನಿನ್ ಮಾತು ನಂಬಿ ಕೆಟ್ಟೋರು ಎಷ್ಟು ಜನ?"

ಉಳಿದ ನಾಲ್ವರೂ ಅವಳ ಹಿಂದೆಯೇ ಹೊರಟರು.

ಮೇಷ್ಟ್ರು ಮೆಲ್ಲಗೆ ಹೇಳಿದರು, "ಬರೆದಿರೋದು ಚೆನ್ನಾಗಿದೆ ಲೋಹಿತಾ. ದನಿ ಬದಲಾಯಿಸೋಣ. ತಪ್ಪು ತಿಳಿಬೇಡ."

ಅಂದರೆ ಪ್ರಸನ್ನಕುಮಾರ್ ಗೆದ್ದ. ನಾನು ಅಳಲಿಲ್ಲ. ಮಧುಶ್ರೀ ಇದ್ದ ಔಷಧಿ ಅಂಗಡಿಗೆ ನೇರ ಹೋದೆ. ಕೌಂಟರಿನ ಮೇಲೆ ಒಂದಷ್ಟು ಹೊಸ ಸಾಲು ಬರೆದ ಕಾಗದ ಇಟ್ಟೆ. "ನಿನ್ನ ಹೆಸರು ಹಾಕಿಲ್ಲ. ಆದ್ರೂ ನಿನ್ನ ವಿಷ್ಯ. ಪಾಸಾದೋರ ಫೋಟೋಗೆ ಒಪ್ಪಿಗೆ ಬರೆಸ್ಕೋಬೇಕು ಅಂತ ನಿಯಮ ಇದೆ, ನಿನ್ನ ಒಪ್ಪಿಗೇನೂ ಬೇಕು. ನೀನು ಬೇಡ ಅಂದ್ರೆ ಹರಿದು ಹಾಕ್ತೀನಿ."

ಅವಳು ಓದಿದಳು. ಗಿರಾಕಿ ಬಂದ, ಜ್ವರದ ಮಾತ್ರೆ ಕೊಟ್ಟಳು. ಮತ್ತೆ ಓದಿದಳು. ಅದೇ ಕಾಗದದ ಕೆಳಗೆ "ನನ್ನ ಒಪ್ಪಿಗೆ ಇದೆ" ಎಂದು ಬರೆದು ತಾರೀಖಿನೊಂದಿಗೆ ಸಹಿ ಹಾಕಿದಳು. "ಪಾಸಾದೋರು ಮಾತ್ರ ಬರ್ಕೊಡಬೇಕಾ ಅಕ್ಕ? ಶಿರಾದಲ್ಲಿ ಜೋರಾಗಿ ಹಾಕ್ಸಿ" ಅಂದಳು. ಅವಳ ಕಣ್ಣಲ್ಲೂ ನನ್ನದೇ ಸಿಟ್ಟಿತ್ತು.

ಮೇಷ್ಟ್ರು ಆ ಸಾಲುಗಳನ್ನು ಬಹಳ ಹೊತ್ತು ನೋಡಿದರು. "ಯಾರ ಹೆಸರೂ ಇಲ್ಲ" ಎಂದೆ ನಾನು. "ಅದಿರಲಿ. ಇದು ನಿಜ ತಾನೇ?" ಎಂದರು. "ಪ್ರತಿ ಅಕ್ಷರ." "ಹಾಗಾದ್ರೆ ನೀನೇ ಓದು. ಬೇರೆ ಯಾರು ಓದಿದ್ರೂ ಇದಕ್ಕೆ ಬೆಲೆ ಇಲ್ಲ."

ಶಿರಾಕ್ಕೆ ಭಾನುವಾರ ಮೈಕಿನ ಪರ್ಮಿಷನ್ ಸಿಕ್ಕಿತು. ಆಟೋ ಓಡಿಸುವ ಚಿಕ್ಕಹನುಮಯ್ಯನ ಪಕ್ಕ ನಾನೂ ಹತ್ತಿ ಕೂತೆ. ಅವತ್ತೇ ಮೇರುಗಿರಿಯಲ್ಲಿ ಪೋಷಕರ ಸಭೆ, ರಸ್ತೆ ತುಂಬ ಜನ ಎಂದು ಗೊತ್ತಿದ್ದೇ ಆ ದಿನ ಕೇಳಿದ್ದೆ. ಗೊತ್ತಿರದ ಸಂಗತಿಯೊಂದಿತ್ತು. ಅದು ಕಿವಿಗೆ ಬಿದ್ದಾಗ ಚಿಕ್ಕಹನುಮಯ್ಯ ಬ್ರೇಕ್ ಹಾಕಿದ.

"ಅಕ್ಕೋ, ಅದೂ ನಿಮ್ ದನಿನೇ ಅಲ್ವಾ?"

ಅಕಾಡೆಮಿಯ ಗೇಟಿನ ಮುಂದೆ ಅವರ ಆಟೋ ನಿಂತಿತ್ತು. ಅದರೊಳಗಿಂದ ನಾನೇ ಕೂಗುತ್ತಿದ್ದೆ. "ಮೆಡಿಕಲ್ ಸೀಟು ಗ್ಯಾರಂಟಿ!" ಮೂರು ವರ್ಷದ ಹಿಂದಿನ ಅದೇ ರೆಕಾರ್ಡು. ಯಾವ ವರ್ಷದ ಪ್ರವೇಶ ಎಂದು ಹೇಳುವ ಕಡೆ ಮಾತ್ರ ಯಾವನೋ ಗಂಡಸಿನ ದನಿ ಅಂಟಿಸಿದ್ದರು. ನನ್ನನ್ನು ಜನರ ಮುಂದೆ ಬೈದವನು ನನ್ನ ದನಿಯನ್ನು ಮಾತ್ರ ಬಿಟ್ಟಿರಲಿಲ್ಲ. ಕಾಸು ಉಳಿಸಲು ಹೋಗಿ ತನ್ನ ಕುತ್ತಿಗೆಗೆ ತಾನೇ ಹಗ್ಗ ತಂದಿದ್ದ.

"ಅದರ ಎದುರಿಗೇ ನಿಲ್ಸಪ್ಪ. ಪೂರ್ತಿ ವಾಲ್ಯೂಮು ಕೊಡು" ಎಂದೆ.

ಎದುರು ಬದುರು ಎರಡು ಆಟೋ. ಅಲ್ಲಿ ನಾನು "ಗ್ಯಾರಂಟಿ" ಎಂದೆ. ಇಲ್ಲಿ ನಾನು ಹೇಳಿದೆ:

"ನನ್ನ ದನಿ ನಿಮಗೆ ಗೊತ್ತು. ಮೂರು ವರ್ಷದ ಹಿಂದೆ ಇದೇ ದನಿಯಲ್ಲಿ ಸೀಟು ಗ್ಯಾರಂಟಿ ಅಂದಿದ್ದೆ. ಅದು ಸುಳ್ಳು. ಆ ಮಾತು ನಂಬಿ ಸೇರಿ ಸೀಟು ಸಿಗದ ಹುಡುಗಿಯದು ತಪ್ಪಿಲ್ಲ. ತಪ್ಪು ಹೇಳಿಸಿದವರದು, ಹೇಳಿದ ನನ್ನದು."

ಜನ ಆ ಆಟೋ ನೋಡಿದರು, ಈ ಆಟೋ ನೋಡಿದರು. ಒಬ್ಬ ಅಜ್ಜ ನಕ್ಕ. ನಗು ಹರಡಿತು. ಸಭೆಗೆ ಬಂದವರು ಮೆಟ್ಟಿಲ ಮೇಲೇ ನಿಂತು ನಮ್ಮ ನಾಲ್ಕು ಪ್ರಶ್ನೆಗಳನ್ನು ಪೂರ್ತಿ ಕೇಳಿಸಿಕೊಂಡರು. ಒಬ್ಬ ಹೆಂಗಸು ಫ್ಲೆಕ್ಸಿನ ಕಡೆ ಬೆರಳು ತೋರಿಸಿ, "ಈ ಮಕ್ಳು ಎಷ್ಟು ತಿಂಗಳು ಓದಿದ್ರು ಸಾರ್ ನಿಮ್ಮಲ್ಲಿ?" ಎಂದಳು. ಆ ದನಿಯೇ ಸುಳ್ಳು ಎನ್ನಲು ಪ್ರಸನ್ನಕುಮಾರನಿಗೆ ದಾರಿಯಿರಲಿಲ್ಲ, ಅವನದೇ ಆಟೋ ಅದೇ ದನಿಯಲ್ಲಿ ಕೂಗುತ್ತಿತ್ತು. ದಡಬಡ ಇಳಿದು ಬಂದವನು ಮೊದಲು ನನ್ನ ಕಡೆ ಹೆಜ್ಜೆ ಇಟ್ಟ, ಅರ್ಧದಲ್ಲಿ ತಿರುಗಿದ, ತನ್ನ ಆಟೋದ ಪೆನ್‌ಡ್ರೈವನ್ನು ಕಿತ್ತು ಜೇಬಿಗೆ ಹಾಕಿಕೊಂಡ. ರಸ್ತೆಯಲ್ಲಿ ನನ್ನ ಒಂದೇ ದನಿ ಉಳಿಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ಸಂತೋಷ ಒಳ್ಳೆಯದಲ್ಲ ಎಂದು ಗೊತ್ತಿದ್ದೂ ಐಸ್‌ಕ್ರೀಮ್ ಕೊಡಿಸಿ ಚಿಕ್ಕಹನುಮಯ್ಯನ ಜೊತೆ ನಾನೂ ತಿಂದೆ.

ಸೋಮವಾರ ಬೆಳಿಗ್ಗೆ ಹನುಮಕ್ಕ ರೂಮಿಗೆ ಬಂದಳು. ಕುರ್ಚಿ ಕೊಟ್ಟೆ, ಕೂರಲಿಲ್ಲ.

"ಐದ್ನೇ ಪ್ರಶ್ನೆಗೆ ಲೆಕ್ಕ ಸಿಕ್ತಾ?"

"ಇಲ್ಲ ಅಕ್ಕ. ನಿಮ್ಮ ಮಗಳು ಒಬ್ಬಳು ಗೊತ್ತು. ಮಿಕ್ಕಿದ್ದು ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ಯಲ್ಲ, ಸರಿ ಬುಡು." ಮೈಕಿನ ಕಡೆ ಕೈ ತೋರಿಸಿದಳು. "ಅದೇನೋ ಹುಡುಗಿ ತಪ್ಪಿಲ್ಲ ಅಂತ ಹೇಳಿದ್ಯಂತಲ್ಲ. ಹಾಕು, ಕೇಳ್ತೀನಿ."

ಹಾಕಿದೆ. ಸೆರಗಿನಿಂದ ಮೂಗು ಒರೆಸಿಕೊಂಡು, "ಇನ್ನೊಂದ್ ದಪ" ಎಂದಳು. ಆಗಲೇ ಮೇಜಿನ ಮೇಲೆ ಫೋನು ಹೊಡೆದುಕೊಳ್ಳತೊಡಗಿತು. ಪ್ರಸನ್ನಕುಮಾರ್. ನಿನ್ನೆಯಿಂದ ಹದಿನಾಲ್ಕನೇ ಸಲ. ನಾನು ಕಟ್ ಮಾಡಲು ಹೋದೆ, ಹನುಮಕ್ಕ ಕೈ ಹಿಡಿದಳು.

"ಅವ್ನಾ? ಎತ್ತಮ್ಮ. ನನ್ ಮಗಳಿಗೆ ತಲೇಲಿ ಏನಿಲ್ಲ ಅಂತ ಸಭೇಲಿ ಹೇಳಿದ್ನಲ್ಲ, ಅವ್ನೂ ಕೇಳ್ಲಿ."

ಎತ್ತಿದೆ. "ಏನ್ ಮೇಡಂ, ಕೇಸ್ ಹಾಕ್ತೀನಿ ನಿಮ್ಮ ಮೇಲೆ..." ಎಂದು ಅವನು ಶುರು ಮಾಡಿದ. ಫೋನನ್ನು ಸ್ಪೀಕರಿನ ಮುಂದಿಟ್ಟು ಮೊದಲಿನಿಂದ ಹಾಕಿದೆ. ಹನುಮಕ್ಕ ಈಗ ಕುರ್ಚಿ ಎಳೆದುಕೊಂಡು ಕೂತಳು.