ನಲವತ್ತೊಂದನೇ ಲಾಕರ್‌ನವರಿಗೆ ಮೇಲ್

ಈಜುಕೊಳದ ಕ್ಲಬ್ಬಿಗೆ ಬರೋದು ಬಿಟ್ಟ ಸದಸ್ಯರಿಗೆ ಮೇಲ್ ಬರೆಯುವವಳು ನಾನು. ಮ್ಯಾನೇಜರ್ ಬರೆದಿದ್ದ ಹಳೇ ಮೇಲ್ ಹೀಗಿತ್ತು: 'ನಮ್ಮನ್ನು ಮರೆತೇಬಿಟ್ಟಿರಾ? ನಿಮ್ಮ ಲಾಕರ್ ಕಾದು ಕಾದು ಸೋತಿದೆ.' ಓದಿದಾಗಲೆಲ್ಲ ಮೈ ಉರಿಯುತ್ತಿತ್ತು. ಜನಕ್ಕೆ ನೂರೆಂಟು ತಾಪತ್ರಯ. ನಮಗೇನು ಲೆಕ್ಕ ಒಪ್ಪಿಸಬೇಕೆ?

ಹೊಸದಾಗಿ ಬರೆದೆ: 'ನೀವು ಬಂದು ಕೆಲವು ತಿಂಗಳಾಯಿತು. ಕಾರಣ ಹೇಳಬೇಕಿಲ್ಲ. ಬರಬೇಕೆನಿಸಿದರೆ ಬೆಳಿಗ್ಗೆ ಆರಕ್ಕೆ ಕೊಳ ತೆರೆದಿರುತ್ತೆ. ಬೇಡವೆನಿಸಿದರೆ ಕೆಳಗಿನ ಲಿಂಕ್ ಒತ್ತಿ, ಮತ್ತೆ ಬರೆಯುವುದಿಲ್ಲ.'

ಕಳಿಸಿದ ಹತ್ತೇ ನಿಮಿಷಕ್ಕೆ ಒಂದು ಉತ್ತರ ಬಂತು. 'ದೊಡ್ಡ ಉಪಕಾರವಾಯ್ತಮ್ಮ. ಹಿಂದಿನ ಮೇಲ್ ಓದಿದ ಮೇಲೆ ಮನಸ್ಸು ತಡೆಯದೆ ದಿನಾ ಬರ್ತಿದ್ದೆ. ಇನ್ನು ಬರಲ್ಲ.' ಕೆಳಗೆ ಲಾಕರ್ ನಂಬರ್ ಇತ್ತು: ನಲವತ್ತೊಂದು.

ಆ ಲಾಕರ್ ಯಾರದೆಂದು ನೆಲ ಒರೆಸುವ ಅಕ್ಕನನ್ನು ಕೇಳಿದೆ.

"ಆ ಮೇಷ್ಟ್ರಾ? ತೀರಿಕೊಂಡು ಆರು ತಿಂಗಳಾಯ್ತು ಕಣೇ. ಆದ್ರೂ ದಿನಾ ನಾನು ಬೀಗ ತೆಗೆಯೋ ಹೊತ್ತಿಗೆ ಆ ಲಾಕರ್ ಮುಂದೆ ಒದ್ದೆ ಹೆಜ್ಜೆ. ಒರೆಸಿ ಒರೆಸಿ ಸೊಂಟ ಬಿದ್ದೋಯ್ತು."

ಮರುದಿನದಿಂದ ನೆಲ ಒಣಗಿತ್ತು. ಒಂದು ವಾರ ಹಾಗೇ ಇತ್ತು.

ಆಮೇಲೆ ಮ್ಯಾನೇಜರ್ ಬಂದು, "ನಿನ್ನ ಮೇಲ್ ನೋಡಿ ಒಬ್ಬರೂ ವಾಪಸ್ ಬರಲಿಲ್ಲ. ಲಿಂಕ್ ಒತ್ತದವರಿಗೆಲ್ಲ ಹಳೇದನ್ನೇ ಕಳಿಸಿದೀನಿ, ನಿನ್ನ ಹೆಸರಲ್ಲೇ," ಅಂದ.

ತಕ್ಷಣ ಪಟ್ಟಿ ತೆರೆದು ನೋಡಿದೆ. ಮೇಷ್ಟ್ರು ಲಿಂಕ್ ಒತ್ತಿರಲಿಲ್ಲ, ಉತ್ತರ ಬರೆದಿದ್ದರು. ಅವರನ್ನು ಪಟ್ಟಿಯಿಂದ ತೆಗೆಯಬೇಕಾದವಳು ನಾನು. ಮರೆತಿದ್ದೆ.

ಮರುದಿನ ಬೆಳಿಗ್ಗೆ ಒದ್ದೆ ಹೆಜ್ಜೆಗಳು ಲಾಕರ್ ಹತ್ತಿರ ನಿಂತಿರಲಿಲ್ಲ. ಅದನ್ನು ದಾಟಿ, ಮೆಟ್ಟಿಲು ಹತ್ತಿ, ನನ್ನ ಕುರ್ಚಿಯವರೆಗೂ ಬಂದಿದ್ದವು. ಕುರ್ಚಿ ಒದ್ದೆಯಾಗಿತ್ತು.