ಮೈದಾನ ತುಂಬಿ ಕಾಣಬೇಕು

ಮಹೇಶಕುಮಾರನಿಗೆ ಜನರೆಂದರೆ ಬರೀ ತಲೆ. ಆ ತಲೆಯ ಕೆಳಗೊಂದು ಎದೆಗೂಡು ಇರುತ್ತದೆ, ಅದರೊಳಗೆ ಉಸಿರಾಡಲು ಒಂದಿಷ್ಟು ಜಾಗ ಬೇಕಾಗುತ್ತದೆ ಎಂಬ ವಿಚಾರ ಆ ಜವಳಿ ವ್ಯಾಪಾರಿಯ ಹತ್ತಿರ ಸುಳಿದೂ ಇರಲಿಲ್ಲ. ಹೈದರಾಬಾದಿನ ಕುಷಾಯಿಗೂಡದ ಕಾರ್ತಿಕ ದೀಪೋತ್ಸವ ಸಮಿತಿಗೆ ಅವನೇ ಅಧ್ಯಕ್ಷ. ವೇದಿಕೆಯ ಪಕ್ಕ ನಿಂತು, ಮೇಲೆ ಹಾರುವ ಡ್ರೋನ್ ಕಳಿಸುತ್ತಿದ್ದ ಚಿತ್ರವನ್ನು ಮೊಬೈಲಿನಲ್ಲಿ ನೋಡುತ್ತ, ಮುಖ್ಯ ಅತಿಥಿ ಬರುವ ಹೊತ್ತಿಗೆ ಮೈದಾನದ ಒಂದು ಮೂಲೆಯೂ ಖಾಲಿ ಕಾಣಬಾರದು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಅವನ ಮುಖ ಕಂಡರೇ ಸ್ನೇಹಲತಾಳಿಗೆ ಮೈ ಉರಿಯುತ್ತಿತ್ತು. ಬೀದರಿನಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದ ಅವಳ ಕೆಲಸವೇ ದೊಡ್ಡ ಸಮಾರಂಭಗಳಲ್ಲಿ ಜನಸಂದಣಿಯ ಸುರಕ್ಷತೆ ನೋಡಿಕೊಳ್ಳುವುದು. ಇಂಥವರೊಬ್ಬರು ಇಲ್ಲದಿದ್ದರೆ ಅನುಮತಿ ಇಲ್ಲ ಎಂದು ಪೊಲೀಸರು ಹೇಳಿದ್ದಕ್ಕೆ ಸಮಿತಿ ಅವಳನ್ನು ಕರೆದಿತ್ತು. ಕರೆದದ್ದು ಪೊಲೀಸರಿಗೆ ತೋರಿಸುವುದಕ್ಕೆ, ಮಾತು ಕೇಳುವುದಕ್ಕಲ್ಲ. ಮೈದಾನಕ್ಕೆ ಎರಡೇ ಗೇಟು. ವೇದಿಕೆಗೆ ಎದುರಾಗಿ ತುದಿಯಲ್ಲಿ ಇಕ್ಕಟ್ಟಾದ ದಕ್ಷಿಣದ ಗೇಟು, ಜನ ಒಳಗೆ ಬರುವುದಕ್ಕೆ. ವೇದಿಕೆಗೆ ಹತ್ತಿರ, ಪಡುವಣ ಬದಿಯಲ್ಲಿ ಅಗಲವಾದ ಇನ್ನೊಂದು, ಹೊರಗೆ ಹೋಗುವುದಕ್ಕೆ. ಅದನ್ನು ತೆರೆದೇ ಇಡಬೇಕೆಂದು ಪ್ರತಿ ಸಭೆಯಲ್ಲೂ ಅವಳು ಹೇಳಿದ್ದಳು. ಮಹೇಶಕುಮಾರ ಪ್ರತಿ ಸಲವೂ ತಲೆ ಆಡಿಸಿದ್ದ. ಇವತ್ತು ಸಂಜೆ ಬಂದು ನೋಡಿದರೆ ಆ ಗೇಟಿಗೆ ಸರಪಳಿ, ಬೀಗ. ಗೇಟಿನ ಒಳಗೆ ಅಡ್ಡಲಾಗಿ ಅಧ್ಯಕ್ಷರ ಹೊಳೆಯುವ ಬಿಳಿ ಕಾರು.

ಅತಿಥಿ ಇನ್ನೂ ಬಂದಿಲ್ಲವೆಂದು ದೀಪ ಹಚ್ಚುವುದನ್ನು ಶುರು ಮಾಡಿರಲಿಲ್ಲ. ಒಳಗೆ ಬಂದ ಜನ ಹೊರಗೆ ಹೋಗುತ್ತಿಲ್ಲ, ಹೊರಗಿನ ಜನ ಬರುವುದನ್ನು ಬಿಡುತ್ತಿಲ್ಲ. ಡೊಳ್ಳು ಜೋರಾದಾಗಲೆಲ್ಲ ಹಿಂದಿದ್ದವರು, ಮುಂದೆ ಏನೋ ಶುರುವಾಯಿತು ಎಂದುಕೊಂಡು ಒಂದು ಹೆಜ್ಜೆ ಒತ್ತುತ್ತಿದ್ದರು. ಹಿಂದಿನವರಿಗೆ ಅದು ಒಂದು ಹೆಜ್ಜೆ. ವೇದಿಕೆಯ ಮುಂದಿನ ಕಟಕಟೆಗೆ ಒರಗಿ ನಿಂತವರಿಗೆ ಆ ಎಲ್ಲ ಹೆಜ್ಜೆಗಳ ಭಾರ ಒಟ್ಟಿಗೇ ಬಂದು ಬೀಳುತ್ತದೆ.

ವೇದಿಕೆಯ ಮೆಟ್ಟಿಲ ಮೇಲಿಂದ ಸ್ನೇಹಲತಾ ಕಂಡದ್ದು ಇದು: ಯಾರೂ ನಡೆಯುತ್ತಿಲ್ಲ, ಆದರೂ ತಲೆಗಳೆಲ್ಲ ಒಟ್ಟಿಗೆ ಎಡಕ್ಕೆ ವಾಲಿ ಒಟ್ಟಿಗೆ ಬಲಕ್ಕೆ ಬರುತ್ತಿವೆ, ಕೊಡದಲ್ಲಿ ತುಳುಕುವ ನೀರಿನಂತೆ. ತಾಯಂದಿರು ಮಕ್ಕಳನ್ನು ತಲೆಯ ಮೇಲೆ ಎತ್ತಿ ಹಿಡಿಯುತ್ತಿದ್ದಾರೆ. ಕೂಗಾಟವೂ ಕಡಿಮೆಯಾಗಿದೆ; ಕೂಗಲು ಉಸಿರು ಬೇಕಲ್ಲ. ಹಾಗೆ ವಾಲುವವರ ನಡುವೆ, ಕಟಕಟೆಯ ಹತ್ತಿರ, ದೀಪ ಹಚ್ಚುತ್ತೇನೆಂದು ಹಟ ಹಿಡಿದು ಬಂದ ಅವಳ ತಾಯಿ ಗುಂಡಮ್ಮನ ಹಸಿರು ಸೀರೆಯೂ ಇತ್ತು.

ಅವಳು ಅಧ್ಯಕ್ಷನ ಬಳಿ ಓಡಿದಳು. ಮೈದಾನ ಈಗಲೇ ಖಾಲಿ ಮಾಡಿಸಬೇಕು, ಗೇಟಿನ ಕೀಲಿಕೈ ಕೊಡಿ ಎಂದಳು. ಅವನು ಮೊಬೈಲಿನಿಂದ ಕಣ್ಣು ಎತ್ತಲಿಲ್ಲ.

"ಈಗ ಜನಾನ ಹೊರಗ ಕಳಿಸಿದ್ರ ಸಾಹೇಬ್ರು ಬಂದು ಯಾರನ್ನ ನೋಡ್ಬೇಕ್ರಿ ಮೇಡಂ? ಡ್ರೋನ್‌ದಾಗ ಎಷ್ಟು ಚಂದ ಕಾಣಾಕತ್ತೈತಿ ನೋಡ್ರಿ. ಇನ್ನ ಸ್ವಲ್ಪ ತಡೀರಿ."

ಅವನು ತೋರಿಸಿದ ಪರದೆಯ ಮೇಲೆ ಅವಳ ತಾಯಿ ಎಳ್ಳಿನ ಕಾಳಿನಷ್ಟಿದ್ದಳು. ಇವನ ಜೊತೆ ಮಾತಾಡುವುದೂ ಹೊಲಸು ಮುಟ್ಟಿದ ಹಾಗೆ ಎನ್ನಿಸಿ ಸ್ನೇಹಲತಾ ಅಲ್ಲಿಂದ ತಿರುಗಿದಳು.

ಮೈದಾನದ ಅಂಚಿನಲ್ಲಿ ಅಗ್ನಿಶಾಮಕದವರ ಗಾಡಿ ನಿಂತಿತ್ತು. ಅವರಿಗೆ ತೆಲುಗಿನಲ್ಲಿ ವಿಷಯ ಹೇಳಿ ಪಡುವಣ ಗೇಟಿನ ಕಡೆ ಕಳಿಸಿದಳು. ವಾಕಿಟಾಕಿಯಲ್ಲಿ ದಕ್ಷಿಣದ ಗೇಟಿನ ಕಲ್ಲೇಶನನ್ನು ಕರೆದಳು. ಅಲ್ಲಿಯ ಸ್ವಯಂಸೇವಕರಿಗೆ ಅವನೇ ಮುಂದಾಳು. ಹೊಸದಾಗಿ ಬರುವವರನ್ನು ಮೊದಲು ನಿಲ್ಲಿಸಬೇಕು, ಆದರೆ ಹಿಂದಿನವರು ಹೊರಗೆ ಹೋಗಬೇಕಾದ್ದರಿಂದ ಗೇಟು ಹಾಕಬಾರದು. ದೂರದಲ್ಲಿ, ರಸ್ತೆ ತಿರುವಿನಲ್ಲೇ ತಡೆಯಬೇಕು ಎಂದಳು. ಅಷ್ಟು ಹೇಳುತ್ತಲೇ ಚಪ್ಪಲಿಗಳ ನೆನಪಾಯಿತು. ದೀಪೋತ್ಸವವೆಂದು ಎಲ್ಲರೂ ಬರಿಗಾಲಲ್ಲಿದ್ದಾರೆ, ಚಪ್ಪಲಿ ಬಿಡುವ ಜಾಗ ಇರುವುದು ಆ ಇಕ್ಕಟ್ಟಿನ ಗೇಟಿನ ಬಾಯಲ್ಲೇ. ಹೊರಟವರು ಅಲ್ಲಿ ಬಗ್ಗಿ ತಮ್ಮ ಜೋಡಿ ಹುಡುಕತೊಡಗಿದರೆ ಹಿಂದಿನವರು ಅವರ ಮೇಲೆಯೇ ಬೀಳುತ್ತಾರೆ.

ಚಪ್ಪಲಿ ಬಿಟ್ಟು ಹೋಗಿರೆಂದು ಮೈಕಿನಲ್ಲಿ ಹೇಳೋಣವೇ ಎಂದು ಕಲ್ಲೇಶ ಕೇಳಿದ.

"ಹೇಳಿದ್ರ ಯಾರೂ ಬಿಡೂದಿಲ್ಲೋ ಕಲ್ಲೇಶ. ತಾಡಪತ್ರಿ ಮ್ಯಾಲೆ ಹಾಕಿ ಎಳಕೊಂಡು ರೋಡ್ ಆಚೆ ಬಯಲಿಗೆ ಒಯ್ದು ಸುರೀರಿ. ಚಪ್ಪಲಿ ಎಲ್ಲಿರ್ತಾವ, ಮಂದಿ ಅಲ್ಲಿಗೇ ಹೋಗ್ತಾರ."

ಡೊಳ್ಳು ನಿಲ್ಲಿಸಿ ಅವಳು ಮೈಕು ಕೈಗೆತ್ತಿಕೊಂಡಳು. ಮುಂದಿದ್ದವರಿಗೆ ಹೇಳಿ ಪ್ರಯೋಜನವಿರಲಿಲ್ಲ. ಅವರ ಕಾಲು ಅವರ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅದಕ್ಕೇ ತೀರ ಹಿಂದಿದ್ದವರನ್ನು ಮಾತಾಡಿಸಿದಳು, ತೆಲುಗು, ಹಿಂದಿ, ಕನ್ನಡ ಮೂರರಲ್ಲೂ. ಏನೂ ಆಗಿಲ್ಲ ಎಂದು ಸುಳ್ಳು ಹೇಳಲಿಲ್ಲ. ಮುಂದೆ ಹೆಣ್ಣುಮಕ್ಕಳಿಗೆ ಉಸಿರು ಸಿಗುತ್ತಿಲ್ಲ, ಹಿಂದಿನವರು ತಿರುಗಿ ನಡೆದು ಹೋದರೆ ಅವರು ಉಳಿಯುತ್ತಾರೆ, ನಿಮ್ಮ ಚಪ್ಪಲಿ ರಸ್ತೆಯ ಆಚೆ ಬಯಲಿನಲ್ಲಿ ಸಿಗುತ್ತವೆ ಎಂದಳು. ನಡುವಿನವರು ಎರಡೂ ಕೈ ಎದೆಯ ಮುಂದೆ ಅಡ್ಡ ಹಿಡಿಯಿರಿ, ತಳ್ಳುವವರಿಗೆ ಎದುರು ತಳ್ಳಬೇಡಿ, ಪಕ್ಕದವರು ಬಿದ್ದರೆ ಮೊದಲು ಎತ್ತಿ ನಿಲ್ಲಿಸಿ. ಅದನ್ನೇ ಅದೇ ದನಿಯಲ್ಲಿ ಮತ್ತೆ ಮತ್ತೆ ಹೇಳಿದಳು. ಮಹೇಶಕುಮಾರ ಬಂದು ಮೈಕಿಗೆ ಕೈ ಹಾಕಿದ. ಅವಳು ಬೆನ್ನು ತಿರುಗಿಸಿ ಮಾತು ಮುಂದುವರಿಸಿದಳು.

ಹಿಂದಿನ ಸಾಲುಗಳು ತಿರುಗಿದವು. ಕಾರಣ ಗೊತ್ತಾದ ಮೇಲೆ ಜನ ಎಷ್ಟು ಒಳ್ಳೆಯವರು! ಒಬ್ಬರಿಗೊಬ್ಬರು ಹೇಳಿಕೊಂಡು, ಮುದುಕರನ್ನು ಹಿಡಿದುಕೊಂಡು, ಗೇಟಿನಲ್ಲಿ ನಿಲ್ಲದೆ ಚಪ್ಪಲಿ ಇದ್ದ ಬಯಲಿನ ಕಡೆ ನಡೆದರು. ಅತ್ತ ಅಗ್ನಿಶಾಮಕದವರು ಸರಪಳಿ ಕತ್ತರಿಸಿದರು. ಬಿಳಿ ಕಾರಿನ ಗಾಜು ಒಡೆದು, ಹ್ಯಾಂಡ್‌ಬ್ರೇಕ್ ಬಿಡಿಸಿ, ಗೇರು ನ್ಯೂಟ್ರಲ್ಲಿಗೆ ತಂದು, ಸ್ಟೇರಿಂಗ್ ತಿರುಗದಿದ್ದರೂ ನೇರಕ್ಕೆ ನೂಕಿ ದಾರಿ ಮಾಡಿದರು. ಗೇಟು ತೆರೆದದ್ದನ್ನು ಕಂಡು ಅವಳು ವೇದಿಕೆಯ ಹತ್ತಿರದವರನ್ನು ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಅತ್ತ ಕಳಿಸಿದಳು. ತಲೆಗಳ ತುಳುಕಾಟ ನಿಂತಿತು. ಅವುಗಳ ನಡುವೆ ನೆಲ ಕಾಣತೊಡಗಿತು. ಕೆಲವರು ಮೂರ್ಛೆ ಹೋಗಿದ್ದರು, ಒಬ್ಬ ಹೆಂಗಸಿನ ಪಕ್ಕೆಲುಬು ಮುರಿದಿತ್ತು. ಸತ್ತವರು ಇರಲಿಲ್ಲ. ಗುಂಡಮ್ಮ ಎರಡೂ ಕೈ ಎದೆಗೆ ಅಡ್ಡ ಹಿಡಿದುಕೊಂಡೇ ಹೊರಗೆ ಬಂದಳು. ಬಂದ ಮೇಲೂ ಬಹಳ ಹೊತ್ತು ಆ ಕೈಗಳನ್ನು ಇಳಿಸಲಿಲ್ಲ.

ಅತಿಥಿ ದಾರಿಯಿಂದಲೇ ವಾಪಸು ಹೋದರಂತೆ. ಮಹೇಶಕುಮಾರ ಮೊದಲು ಕಾರಿನ ಗಾಜಿಗಾಗಿ ಕೂಗಾಡಿದ. ಆಮೇಲೆ ಟಿವಿಯವರು ಬಂದದ್ದು ಕಂಡು ಮುಖ ಒರೆಸಿಕೊಂಡು, ಸಮಿತಿ ಮೊದಲೇ ಎಲ್ಲ ವ್ಯವಸ್ಥೆ ಮಾಡಿತ್ತು, ಶಿಸ್ತಿಲ್ಲದ ಜನರಿಂದ ತುಸು ಗೊಂದಲವಾಯಿತು ಎಂದ. ಸ್ನೇಹಲತಾ ಅದನ್ನು ಕೇಳಿ ಉಗುಳಬೇಕೆಂದುಕೊಂಡಳು, ಬಾಯಿ ಒಣಗಿತ್ತು.

ತಾಯಿಯನ್ನು ಕರೆದುಕೊಂಡು ಬಯಲಿಗೆ ಬಂದಳು. ಸೊಂಟದೆತ್ತರ ಚಪ್ಪಲಿಗಳ ಗುಡ್ಡೆ ಬಿದ್ದಿತ್ತು. ಸುತ್ತ ಜನ ಬಗ್ಗಿ ತಮ್ಮ ತಮ್ಮ ಜೋಡಿ ಹುಡುಕುತ್ತ, ಸಿಕ್ಕವರು ನಗುತ್ತ ಮನೆಗೆ ಹೋಗುತ್ತಿದ್ದರು. ಗುಂಡಮ್ಮನೂ ಬಗ್ಗಿದಳು. ಅಷ್ಟರಲ್ಲಿ ತಲೆಯ ಮೇಲೆ ಗುಂಯ್ಯೆಂದು ಸದ್ದಾಯಿತು. ಡ್ರೋನ್. ಮಹೇಶಕುಮಾರ ಮೊಬೈಲು ಹಿಡಿದು ಅಲ್ಲಿಗೂ ಬಂದಿದ್ದ. ಮೈದಾನದ ಫೋಟೋ ಕೆಟ್ಟರೇನಂತೆ, ಎಷ್ಟು ಜನ ಬಂದಿದ್ದರು ಎಂದು ಸಾಹೇಬರಿಗೆ ತೋರಿಸಲು ಈ ಗುಡ್ಡೆ ಸಾಕು ಎನ್ನುತ್ತಿದ್ದ.

"ಅಮ್ಮಾರ, ಒಂದೀಟು ಆ ಕಡೆ ಸರೀರಿ. ಅಡ್ಡ ಬರಾಕತ್ತೀರಿ," ಎಂದ ಗುಂಡಮ್ಮನಿಗೆ.

ಗುಂಡಮ್ಮ ನೆಟ್ಟಗೆ ನಿಂತು ಅವನನ್ನು ನೋಡಿದಳು. ಅವಳ ಕೈಗಳು ಈಗ ಇಳಿದಿದ್ದವು.

"ಕಾಲ್ತುಳಿತ ಆದ ಮರುದಿನ ಪೇಪರಿನ್ಯಾಗ ಇಂಥಾ ಗುಡ್ಡೆ ಭಾಳ ಸಲ ನೋಡೀನಪಾ," ಎಂದಳು. "ಅವನ್ನ ಹುಡುಕಾಕ ಯಾರೂ ಬಂದಿರಂಗಿಲ್ಲ. ನನ್ನ ಚಪ್ಪಲಿ ಹುಡುಕಾಕ ನಾನ ಬಂದೀನಿ. ಫೋಟೋ ತೆಗಿ, ನನ್ನೂ ಸೇರಿಸಿ ತೆಗಿ."

ಅವಳು ಸರಿಯಲಿಲ್ಲ. ಅಲ್ಲೇ ಬಗ್ಗಿ, ನಿಧಾನವಾಗಿ ಒಂದೊಂದನ್ನೇ ಎತ್ತಿ ನೋಡುತ್ತ, ಸಿಕ್ಕುವವರೆಗೂ ಹುಡುಕಿದಳು.