ಒಂದು ನಿಮಿಷದ ಪರಿಚಯ

ನೀರು ಸರಬರಾಜಿನ ಹಿರಿಯ ಇಂಜಿನಿಯರಮ್ಮನಿಗೆ ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು ಕಷ್ಟವಾಗಿರಲಿಲ್ಲ. ಕಷ್ಟವಾದದ್ದು ತಮ್ಮ ಬಗ್ಗೆ ಒಂದು ನಿಮಿಷ ಮಾತಾಡುವುದು.

ನೀರು ಉಳಿಸುವ ಬಗೆಗಿನ ಸಮ್ಮೇಳನದಲ್ಲಿ ವೇದಿಕೆ ಮೇಲೆ ತಮ್ಮ ಪರಿಚಯ ತಾವೇ ಹೇಳಬೇಕಿತ್ತು; ಹೊರಡುವ ಮುನ್ನ ಗಂಡನ ಎದುರು ಅಭ್ಯಾಸ ಮಾಡಿದರು. ಮೊದಲ ಸಲ ಪದವಿ, ಪ್ರಶಸ್ತಿ, ಸಮಿತಿ ಎಲ್ಲವನ್ನೂ ಹೇಳಿದರು.

"ಸಂಬಂಧ ನೋಡೋಕೆ ಬಂದೋರ ಮುಂದೆ ಓದೋ ಹಾಗಿದೆ" ಎಂದರು ಗಂಡ.

ಎರಡನೇ ಸಲ ಎಲ್ಲವನ್ನೂ ಕತ್ತರಿಸಿದರು.

"ಇದು ಪರಿಚಯನೋ, ಕ್ಷಮಾಪಣೆನೋ?"

"ನಿಮ್ಮನ್ನ ಕೇಳಿದ್ದೇ ತಪ್ಪಾಯ್ತು" ಎಂದು ಅವರು ಚೀಲ ಹೆಗಲಿಗೇರಿಸಿದರು.

ವೇದಿಕೆಯಲ್ಲಿ ಅವರ ಪಕ್ಕದಲ್ಲಿದ್ದ ಸಲಹೆಗಾರರು ಮೊದಲು ಮೈಕು ಹಿಡಿದರು. ಬಾಲ್ಯದ ಜಾಣತನದಿಂದ ಶುರುವಾದ ಮಾತು ವಿದೇಶ ಸುತ್ತಿ ವಾಪಸು ಬರುವಷ್ಟರಲ್ಲಿ ಹಿಂದಿನ ಸಾಲಿನವರು ಆಕಳಿಸುತ್ತಿದ್ದರು. ತಾನಂತೂ ಹೀಗೆ ಕೊಚ್ಚಿಕೊಳ್ಳಬಾರದು ಎನಿಸಿತು ಇಂಜಿನಿಯರಮ್ಮನಿಗೆ. ಸರದಿ ಬಂದಾಗ, "ನಂದೇನೂ ಇಲ್ಲಪ್ಪ. ಪೈಪು ರಿಪೇರಿ ಮಾಡೋರ ಜೊತೆ ಇದ್ದೆ, ಅಷ್ಟೆ" ಎಂದು ಮೈಕು ಕೆಳಗಿಟ್ಟರು.

ಚರ್ಚೆ ನಡೆಸುತ್ತಿದ್ದ ಪತ್ರಕರ್ತೆ ಆ ಮಾತನ್ನು ಹಾಗೆಯೇ ನಂಬಿಬಿಟ್ಟರು. ಊರಿನ ನೀರು ಉಳಿಸುವುದು ಹೇಗೆಂಬ ಪ್ರಶ್ನೆಗಳೆಲ್ಲ ಸಲಹೆಗಾರರಿಗೆ ಹೋದವು. ಕೊನೆಗೆ ಇತ್ತ ತಿರುಗಿ, "ಮೇಡಂ, ಅಡುಗೆಮನೆ ನಲ್ಲಿ ತೊಟ್ಟಿಕ್ಕಿದರೆ ಏನು ಮಾಡಬೇಕು?" ಎಂದರು.

ಸಭೆ ನಕ್ಕಿತು. ಇಂಜಿನಿಯರಮ್ಮನೂ ನಗುತ್ತಿದ್ದರೋ ಏನೋ, ಅಷ್ಟರಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದ ತಮ್ಮ ತಂಡದವರು ಕಂಡರು. ಒಬ್ಬರೂ ತಲೆ ಎತ್ತಿರಲಿಲ್ಲ. ತಾನು ಏನೂ ಮಾಡಿಲ್ಲವೆಂದರೆ ಇವರೂ ಏನೂ ಮಾಡಿಲ್ಲವೆಂದ ಹಾಗಾಯಿತಲ್ಲ ಎಂದು ಅವರಿಗೆ ಚುರುಕ್ಕೆಂದಿತು.

"ವಾಷರ್ ಬದಲಾಯಿಸಿ" ಎಂದರು. "ಆಮೇಲೆ, ನನ್ನ ಪರಿಚಯ ಸರಿಯಾಗಿ ಆಗಲಿಲ್ಲ. ತಪ್ಪು ನಂದೇ. ಇನ್ನೊಂದ್ಸಲ ಹೇಳ್ಲಾ?"

ಪತ್ರಕರ್ತೆ ಗಾಬರಿಯಿಂದ ತಲೆಯಾಡಿಸಿದರು.

"ನಮ್ಮೂರಲ್ಲಿ ನೂರು ಕೊಡ ನೀರು ಬಿಟ್ಟರೆ ನಲವತ್ತು ದಾರಿಯಲ್ಲೇ ಸೋರಿ ಹೋಗ್ತಿತ್ತು. ಈಗ ಹದಿನೆಂಟು. ಆ ಕೆಲಸದ ತಂಡ ಕಟ್ಟಿದ್ದು, ನಡೆಸಿದ್ದು ನಾನು. ರಸ್ತೆಯಡಿ ನೀರು ಸೋರೋ ಸದ್ದಿಗೆ ಕಿವಿಗೊಟ್ಟು ಜಾಗ ಹುಡುಕಿದ್ದು ಅಲ್ಲಿ ಕೂತಿರೋ ಅವರು. ಉಳಿದ ಹದಿನೆಂಟು ಹೇಗೆ ಇಳಿಸೋದು ಅಂತ ನಮಗಿನ್ನೂ ಗೊತ್ತಾಗಿಲ್ಲ. ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ರೆ ಕಲಿಯೋಣ ಅಂತ ಬಂದಿದೀನಿ."

ಒಂದು ನಿಮಿಷವೂ ಹಿಡಿಯಲಿಲ್ಲ. ಮೂರನೇ ಸಾಲಿನವರು ಸಂಕೋಚದಿಂದ ಎದ್ದು ನಿಂತು ಕೈಮುಗಿದು, ಚಪ್ಪಾಳೆ ನಿಲ್ಲುವ ಮೊದಲೇ ಕೂತುಬಿಟ್ಟರು. ಆಮೇಲೆ ಎಷ್ಟೊಂದು ಕೈ ಮೇಲೆದ್ದವೆಂದರೆ, ಪತ್ರಕರ್ತೆಗೆ ಯಾರಿಗೆ ಮೈಕು ಕೊಡಬೇಕೆಂದೇ ತೋಚಲಿಲ್ಲ. ಬೇರೆ ಊರಿನ ಇಂಜಿನಿಯರೊಬ್ಬರು ಪೈಪಿನಲ್ಲಿ ನೀರಿನ ಒತ್ತಡವನ್ನು ರಾತ್ರಿ ಹೊತ್ತು ಇಳಿಸಿ ನೋಡಿ, ಸೋರುವುದು ಕಡಿಮೆಯಾಗುತ್ತದೆ ಎಂದರು. ಇಂಜಿನಿಯರಮ್ಮ ಅದನ್ನು ಬರೆದುಕೊಳ್ಳಲು ಕಾಗದ ಹುಡುಕಿದರು, ಸಿಗಲಿಲ್ಲ. ಸಲಹೆಗಾರರು ತಮ್ಮ ವಿಸಿಟಿಂಗ್ ಕಾರ್ಡನ್ನೇ ಮುಂದೆ ತಳ್ಳಿದರು.

ಅದರ ಹಿಂಬದಿಯಲ್ಲೂ ಬರೆಯಲು ಜಾಗವಿರಲಿಲ್ಲ. ಅಷ್ಟು ಪದವಿಗಳು.